ಶಾಸನಗಳ ಕಾಲನಿರ್ದೇಶವನ್ನು ಪರೀಕ್ಷಿಸುವ ಒಂದು ಮೌಲ್ಯಮಾಪಕ ಮತ್ತು ಅದರ ಹಸ್ತಾಂತರ ಟಿಪ್ಪಣಿ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಶಾಸನಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ಕೆಲಸವು ನಮ್ಮ ವಿಭಾಗದಲ್ಲಿ ಕೆಲವು ವರ್ಷಗಳಿಂದ ನಡೆದುಬಂದಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಅಚ್ಚಾದ ಪಾಠವನ್ನೋ ಕಲ್ಲಚ್ಚನ್ನೋ ನೋಡಿ ಶಾಸನದ ಕಾಲಸೂಚಕ ಭಾಗವನ್ನು ಬೆರಳಚ್ಚಿಸುತ್ತಾರೆ. ಅವರು ಓದಿದುದು ಒಪ್ಪತಕ್ಕದ್ದೆ, ಅಲ್ಲವೆ ಎಂಬುದನ್ನು ಒಂದು ಚಿಕ್ಕ ತಂತ್ರಾಂಶವು ಪರೀಕ್ಷಿಸಿ ತೀರ್ಪು ಕೊಡುತ್ತದೆ. ಇದನ್ನು ನಾವು ಮೌಲ್ಯಮಾಪಕವೆಂದು ಕರೆಯುತ್ತೇವೆ. ಉತ್ತರಪತ್ರಿಕೆಗಳನ್ನು ತಿದ್ದುವ ಮೌಲ್ಯಮಾಪಕರಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರವಲ್ಲ, ದೋಷಗಳಲ್ಲಿಯೂ ಸಾಮ್ಯವುಂಟು. ಈ ತಂತ್ರಾಂಶವನ್ನು ಬರೆದವರು ಬೇರೆ ಉದ್ಯೋಗಕ್ಕೆ ತೆರಳುವಾಗ ತಮ್ಮ ತರುವಾಯ ಬರುವವರಿಗಾಗಿ ಒಂದು ಹಸ್ತಾಂತರ ಟಿಪ್ಪಣಿಯನ್ನು ಬರೆದಿಟ್ಟರು. ಹಳೆಯ ಕಾಲದ ಶಾನುಭೋಗರು ಚಾರ್ಜು ವಹಿಸಿಕೊಡುವಾಗ ದಫ್ತರದ ಪಟ್ಟಿಯನ್ನು ಕೊಡುತ್ತಿದ್ದುದುಂಟಷ್ಟೆ. ಆದರೆ ಯಾವ ಲೆಕ್ಕ ನಂಬತಕ್ಕದ್ದು, ಯಾವುದು ನಂಬತಕ್ಕದ್ದಲ್ಲ ಎಂಬುದು ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಈ ಟಿಪ್ಪಣಿಯಲ್ಲಿ ಅದು ಇದೆ. ಇತಿಹಾಸದ ಅಭ್ಯಾಸಿಗಳಿಗೂ ಅದು ತಿಳಿದಿರಬೇಕಾದ ವಿಷಯವಾದುದರಿಂದ ಅದರ ಸಾರವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಶಾಸನಗಳ ಮಾತು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮೈಸೂರು ಸಂಸ್ಥಾನದ ಶಾಸನಗಳಿಗಾಗಿ ಹೊರಟ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ವ್ಯಾಪ್ತಿಗೆ ಈ ಕರಾವಳಿಯು ಒಳಪಡಲಿಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳು, ಭಾರತ ಸರ್ಕಾರದ ಶಾಸನ ಇಲಾಖೆಯ ವಾರ್ಷಿಕ ವರದಿಗಳು, ಬಿಡಿ ಲೇಖನಗಳು, ಹೀಗೆ ಪಾಠಗಳು ಹಲವು ಕಡೆ ಹಂಚಿಹೋಗಿವೆ. ಒಬ್ಬೊಬ್ಬ ಸಂಪಾದಕರ ಪದ್ಧತಿ ಒಂದೊಂದು ತೆರ. ಆದಕಾರಣ ಇವೆಲ್ಲವನ್ನೂ ಒಂದೇ ಅಳತೆಗೋಲಿನಿಂದ ನೋಡುವ ಸಾಧನವೊಂದು ಬೇಕಾಯಿತು.

ವಿಜಯನಗರ ಕಾಲದ ಕರಾವಳಿ ಶಾಸನದಲ್ಲಿ ಕಾಲನಿರ್ದೇಶವು ಸಾಮಾನ್ಯವಾಗಿ ಐದು ಅಂಗಗಳಿಂದ ಕೂಡಿರುತ್ತದೆ: ಶಕವರ್ಷದ ಸಂಖ್ಯೆ, ಸಂವತ್ಸರದ ಹೆಸರು, ಮಾಸ, ಪಕ್ಷದೊಡನೆ ತಿಥಿ, ಮತ್ತು ವಾರ. ಒಂದೇ ದಿನವನ್ನು ಐದು ಬಗೆಯಾಗಿ ಹೇಳಿರುವುದರಿಂದ ಒಂದನ್ನು ಇನ್ನೊಂದರಿಂದ ಪರೀಕ್ಷಿಸಬಹುದು. ಮೌಲ್ಯಮಾಪಕದ ಮಾನದಂಡಗಳೆಲ್ಲವೂ ಈ ಪುನರುಕ್ತಿಯನ್ನೇ ಆಶ್ರಯಿಸಿವೆ.

ಇವುಗಳಲ್ಲಿ ಮೊದಲನೆಯದೂ ಮುಖ್ಯವಾದುದೂ ಶಕವರ್ಷಕ್ಕೂ ಸಂವತ್ಸರಕ್ಕೂ ಇರುವ ಹೊಂದಾಣಿಕೆ. ದಕ್ಷಿಣದ ರೂಢಿಯಲ್ಲಿ ಪ್ರಭವಾದಿ ಅರವತ್ತು ಸಂವತ್ಸರಗಳು ತಪ್ಪದೆ ಒಂದಾದಮೇಲೊಂದು ಬರುತ್ತವೆ. ಗತ ಶಕವರ್ಷಕ್ಕೆ 11ನ್ನು ಕೂಡಿಸಿ 60ರಿಂದ ಭಾಗಿಸಿ ಉಳಿದ ಶೇಷಕ್ಕೆ 1ನ್ನು ಸೇರಿಸಿದರೆ ಸಂವತ್ಸರದ ಕ್ರಮಸಂಖ್ಯೆ ದೊರೆಯುತ್ತದೆ. ಟಿಪ್ಪಣಿಯಲ್ಲಿ ಇದು ಹೀಗಿದೆ:

```python
def samvatsara(shaka):
    return (shaka + 11) % 60 + 1

def antara(shaka, hesaru):
    d = (hesaru - samvatsara(shaka)) % 60
    return d - 60 if d > 30 else d
```

ಶಕ 1486ನ್ನು ತೆಗೆದುಕೊಳ್ಳೋಣ. 11 ಕೂಡಿಸಿದರೆ 1497. 60ರಿಂದ ಭಾಗಿಸಿದರೆ ಶೇಷ 57. ಒಂದು ಸೇರಿಸಿದರೆ 58. ಐವತ್ತೆಂಟನೆಯದು ರಕ್ತಾಕ್ಷಿ. ತಾಳಿಕೋಟೆಯ ಕಾಳಗವು ರಕ್ತಾಕ್ಷಿ ಸಂವತ್ಸರದಲ್ಲಿ ನಡೆಯಿತೆಂಬುದು ವಿದಿತವೇ ಇದೆ. ಆದಕಾರಣ ಟಿಪ್ಪಣಿಯು ಇದನ್ನು ಮೊದಲನೆಯ ನಿಯಂತ್ರಣ ಪ್ರಕರಣವಾಗಿ ಇಟ್ಟುಕೊಂಡಿದೆ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆಂದು ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಹಾಗೆ ಮಾಡಿದರೆ ಇಲ್ಲಿ 1564 ಬರುವುದು. ಆದರೆ ಕಾಳಗ ನಡೆದುದು 1565ನೆಯ ಜನವರಿ 23ರಂದು. ಶಕವರ್ಷವು ಚೈತ್ರದಲ್ಲಿ ಆರಂಭವಾಗುವುದರಿಂದ ಅದರ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷಕ್ಕೆ ಸೇರುತ್ತವೆ. ಅಲ್ಲಿ ಕೂಡಿಸಬೇಕಾದುದು 79. ಪುಷ್ಯಮಾಸವಂತೂ ಎರಡು ವರ್ಷಗಳ ಗಡಿಯ ಮೇಲೆಯೇ ಕುಳಿತಿರುತ್ತದೆ. ತಂತ್ರಾಂಶವನ್ನು ತಿದ್ದಿದವರು ಈ ಭೇದವನ್ನು ಮರೆತಿದ್ದರೆ ತಾಳಿಕೋಟೆಯ ಪ್ರಕರಣವು ಆ ಕ್ಷಣವೇ ಅದನ್ನು ತೋರಿಸಿಕೊಡುತ್ತದೆ.

ಹೊಂದಾಣಿಕೆಯಿಲ್ಲದಿದ್ದಾಗ ಅಂತರವು ಯಾವ ಕಡೆಗಿದೆ ಎಂಬುದು ಮುಖ್ಯ. ಎರಡನೆಯ ಸೂತ್ರವು ಅಳೆಯುವುದು ಇದನ್ನೇ. ಶಾಸನಗಳು ಹೆಚ್ಚಾಗಿ ಗತವರ್ಷವನ್ನು ಹೇಳುತ್ತವೆ, ಕೆಲವು ವರ್ತಮಾನ ವರ್ಷವನ್ನು ಹೇಳುತ್ತವೆ. ವರ್ತಮಾನ ವರ್ಷದ ಸಂಖ್ಯೆಯು ಗತವರ್ಷದ ಸಂಖ್ಯೆಗಿಂತ ಒಂದು ಹೆಚ್ಚು. ಹೀಗಾಗಿ ಶಕ 1487 ಎಂದು ಬರೆದು ರಕ್ತಾಕ್ಷಿಯೆಂದು ಹೇಳಿದ್ದರೆ ಅಂತರವು −1 ಆಗುವುದು. ಅದು ದೋಷವಲ್ಲ, ಲೆಕ್ಕದ ಪದ್ಧತಿ ಬೇರೆ, ಅಷ್ಟೆ. ಮೌಲ್ಯಮಾಪಕವು ಅಂಥದಕ್ಕೆ `current` ಎಂಬ ತೀರ್ಪನ್ನು ಕೊಡುತ್ತದೆ. ಅಂತರ ಸೊನ್ನೆಯಾದರೆ `agree`. ಬೇರೆ ಯಾವ ಅಂತರಕ್ಕೂ `conflict`. ಶಕಸಂಖ್ಯೆ, ಸಂವತ್ಸರ ಇವೆರಡರಲ್ಲಿ ಯಾವುದಾದರೂ ಇಲ್ಲದಿದ್ದರೆ `undetermined`. ಎರಡನೆಯ ಸೂತ್ರದ ಕೊನೆಯ ಸಾಲು ಅನಾವಶ್ಯಕವೆಂದು ತೋರಬಹುದು. ಆದರೆ ಶಕ 1429 ಎಂದು ಬರೆದು ಅಕ್ಷಯ ಸಂವತ್ಸರವೆಂದಿದ್ದಾಗ, ಅರವತ್ತರಿಂದ ಒಂದನ್ನು ಸುಮ್ಮನೆ ಕಳೆದರೆ ಅಂತರವು 59 ಎಂದು ಬರುವುದು. ನಿಜವಾಗಿ ಅದು ವರ್ತಮಾನ ಗಣನೆಯ −1. ಚಕ್ರವು ಮುಗಿದು ಪ್ರಭವಕ್ಕೆ ಮರಳುವ ಆ ಒಂದು ವರ್ಷದಲ್ಲಿ ಮಾತ್ರ ತಲೆದೋರುವ ಈ ತಪ್ಪು, ಅರವತ್ತು ವರ್ಷಕ್ಕೊಮ್ಮೆ ಮಾತ್ರ ಕಾಣುವುದರಿಂದಲೇ ಬಹುಕಾಲ ಅಡಗಿರಬಲ್ಲದು.

ಎರಡನೆಯ ಮಾನದಂಡವು ತಿಥಿಗೂ ವಾರಕ್ಕೂ ಇರುವ ಹೊಂದಾಣಿಕೆ. ಸೂರ್ಯೋದಯದಲ್ಲಿ ಇರುವ ತಿಥಿಯೇ ಆ ದಿನದ ತಿಥಿಯೆಂಬುದು ಸಾಮಾನ್ಯ ನಿಯಮ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳಲ್ಲಿ ಕ್ರಿ.ಶ. 700ರಿಂದ 1799ರವರೆಗಿನ ದಿನಗಳಿಗೆ ಇದನ್ನು ನೋಡಬಹುದು. ಮೌಲ್ಯಮಾಪಕವು ಈ ಕೆಲಸವನ್ನು ಗಣಿತದಿಂದ ಮಾಡುತ್ತದೆ. ದಾನ ಕೊಟ್ಟ ಹೊತ್ತಿನಲ್ಲಿ ಮುಂದಿನ ತಿಥಿ ಹಿಡಿದಿರಬಹುದು, ಸ್ಥಳೀಯ ಪಂಚಾಂಗದ ಗಣನೆಯಲ್ಲಿ ಕೆಲವು ಘಳಿಗೆಗಳ ವ್ಯತ್ಯಾಸವೂ ಇದ್ದಿರಬಹುದು. ಆದುದರಿಂದ ಒಂದು ದಿನ ಹಿಂದೆ ಅಥವಾ ಮುಂದೆ ಆದರೂ ಒಪ್ಪಬಹುದೆಂದು ತಂತ್ರಾಂಶ ಬರೆದವರು ಮೊದಲು ಇಟ್ಟುಕೊಂಡಿದ್ದರು. ಟಿಪ್ಪಣಿಯಲ್ಲಿ ಅವರೇ ಇದನ್ನು ಕಟುವಾಗಿ ವಿಮರ್ಶಿಸಿದ್ದಾರೆ. ವಾರಗಳು ಏಳು. ಹಿಂದಿನ, ಅಂದಿನ, ಮುಂದಿನ ಮೂರು ವಾರಗಳನ್ನೂ ಒಪ್ಪಿದರೆ, ಸಂಪೂರ್ಣ ತಪ್ಪಾಗಿ ಓದಿದ ತಿಥಿಯೂ ಏಳರಲ್ಲಿ ಮೂರು ಪಾಲು ಆಕಸ್ಮಿಕವಾಗಿಯೇ ಉತ್ತೀರ್ಣವಾಗುವುದು. ಸಡಿಲವನ್ನು ಪೂರ್ತಿಯಾಗಿ ತೆಗೆದರೂ ಏಳರಲ್ಲಿ ಒಂದು ಪಾಲು ಉಳಿದೇ ಇರುತ್ತದೆ. ಆದಕಾರಣ ವಾರವು ಕೂಡಿತೆಂಬುದನ್ನು ಸಮರ್ಥನೆಯೆಂದು ಭಾವಿಸಬಹುದೇ ಹೊರತು ಪ್ರಮಾಣವೆಂದು ಭಾವಿಸಲಾಗದು. ಅಧಿಕಮಾಸ ಬಂದ ವರ್ಷಗಳಲ್ಲಿ ಒಂದೇ ಹೆಸರಿನ ಎರಡು ಮಾಸಗಳನ್ನೂ ಪರೀಕ್ಷಿಸಬೇಕಾಗುವುದರಿಂದ ಈ ಆಕಸ್ಮಿಕದ ಪಾಲು ಇನ್ನೂ ಹೆಚ್ಚುತ್ತದೆ.

ಮೂರನೆಯ ಮಾನದಂಡವು ಶಾಸನೋಕ್ತ ಅರಸ ಅಥವಾ ಅರಸಿಯ ಆಳ್ವಿಕೆಯ ಅವಧಿ. ಇದನ್ನು ಮುಂದೆ ಒಂದು ಪ್ರಕರಣದೊಡನೆಯೇ ವಿವರಿಸುತ್ತೇವೆ.

ಇನ್ನು ನಮೂನೆಯ ವಿಚಾರ. ಗಣಕದವರು ಇದನ್ನು ಸ್ಕೀಮಾ ಎನ್ನುತ್ತಾರೆ: ಒಂದು ದಾಖಲೆಯಲ್ಲಿ ಯಾವ ಯಾವ ಕಲಮುಗಳಿರಬೇಕು, ಅವುಗಳಲ್ಲಿ ಏನು ತುಂಬತಕ್ಕದ್ದು ಎಂಬುದರ ಕಟ್ಟಳೆ. ಟಿಪ್ಪಣಿಯಲ್ಲಿ ಅತ್ಯಂತ ದೀರ್ಘವಾದ ಭಾಗ ಇದೇ. ಅದರ ತಿರುಳು ಒಂದು ನಿಯಮದಲ್ಲಿ ಅಡಗಿದೆ. ಕಲ್ಲಿನಲ್ಲಿ ಇರುವುದು ಒಂದು ಕಲಮು, ಅದರಿಂದ ನಾವು ತಿಳಿದುಕೊಂಡುದು ಇನ್ನೊಂದು ಕಲಮು. ಎರಡನೆಯದು ಎಂದಿಗೂ ಮೊದಲನೆಯದರ ಮೇಲೆ ಬರೆಯಲ್ಪಡಕೂಡದು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನವು ನಮ್ಮ ಕರಾವಳಿಯದಲ್ಲವಾದರೂ ನಿಯಂತ್ರಣ ಪ್ರಕರಣವೆಂದು ಕಡತದಲ್ಲಿ ಸೇರಿದೆ. ಅದರ ದಾಖಲೆ ಹೀಗಿದೆ:

```json
{"id": "CTRL-02",
 "shaka_text": "೧೪೩೦", "shaka_num": 1430,
 "samv_text": "ಶುಕ್ಲ", "samv_num": 3,
 "masa": "ಮಾಘ", "tithi": "ಶು ೧೪",
 "vara": null, "vara_why": "absent",
 "verdict": "conflict", "antara": 1}
```

`vara_why` ಎಂಬ ಕಲಮಿನ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಖಾಲಿ ಜಾಗವೆಂದರೆ ಮೂರು ಅರ್ಥಗಳಾಗಬಹುದು. ಶಾಸನದಲ್ಲಿ ವಾರವನ್ನೇ ಹೇಳಿಲ್ಲದಿರಬಹುದು. ಹೇಳಿದ್ದು ಕಲ್ಲು ಒಡೆದು ಹೋಗಿರಬಹುದು. ಇವೆರಡೂ ಅಲ್ಲದೆ ಓದುಗನೇ ಇನ್ನೂ ಓದಿಲ್ಲದಿರಬಹುದು. ಮೊದಲನೆಯದು ಶಾಸನದ ಶೈಲಿಯನ್ನು ಕುರಿತ ಐತಿಹಾಸಿಕ ಸಂಗತಿ. ಎರಡನೆಯದು ಕಲ್ಲಿನ ಸ್ಥಿತಿಯ ಸಂಗತಿ. ಮೂರನೆಯದು ನಮ್ಮ ಕೆಲಸ ಬಾಕಿ ಇದೆಯೆಂಬ ಸೂಚನೆ. ಹಿಂದಿನ ದಾಖಲೆಗಳಲ್ಲಿ ಇವೆಲ್ಲಕ್ಕೂ ಬರಿಯ ಖಾಲಿ ಜಾಗವೇ ಇತ್ತು. ಆ ದಾಖಲೆಗಳನ್ನು ನಂಬಿಕೊಂಡು ಈ ಕರಾವಳಿಯ ಶಾಸನಗಳಲ್ಲಿ ಇಷ್ಟು ಪಾಲಿನಲ್ಲಿ ವಾರವನ್ನು ಹೇಳುವ ರೂಢಿಯಿರಲಿಲ್ಲವೆಂದು ಯಾರಾದರೂ ಪ್ರಬಂಧ ಬರೆದರೆ, ಅದು ಶಾಸನಗಳ ಇತಿಹಾಸವಾಗದೆ ನಮ್ಮ ಬೆರಳಚ್ಚಿನ ಇತಿಹಾಸವಾಗುವುದು. ಈಗ `absent`, `effaced`, `unread` ಎಂಬ ಮೂರರಲ್ಲಿ ಒಂದನ್ನು ಬರೆಯದೆ ದಾಖಲೆಯನ್ನು ಮುಚ್ಚಲಾಗದು. ಸಂಪಾದಕರು ಸವೆದ ಅಕ್ಷರಗಳಿಗೆ ಹಾಕುವ ಚೌಕ ಆವರಣಗಳನ್ನೂ ಹಾಗೆಯೇ ಉಳಿಸಬೇಕೆಂಬುದು ಇದಕ್ಕೆ ಸೇರಿದ ಇನ್ನೊಂದು ಕಟ್ಟಳೆ. ಆವರಣವನ್ನು ತೆಗೆದುಹಾಕಿದರೆ ಸಂಪಾದಕರ ಊಹೆಯು ಕಲ್ಲಿನ ಮಾತಾಗಿಬಿಡುತ್ತದೆ.

ಈಗ ಹಂಪೆಯ ಪ್ರಕರಣವನ್ನು ಪೂರ್ತಿಯಾಗಿ ನೋಡೋಣ. ಕೃಷ್ಣದೇವರಾಯನ ಪಟ್ಟಾಭಿಷೇಕೋತ್ಸವವನ್ನು ಹೇಳುವ ಈ ಶಾಸನದಲ್ಲಿ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14 ಎಂದಿದೆ. 1430ಕ್ಕೆ 11 ಸೇರಿಸಿದರೆ 1441, ಶೇಷ 1, ಕ್ರಮಸಂಖ್ಯೆ 2, ಎಂದರೆ ವಿಭವ. ಶುಕ್ಲವು ಮೂರನೆಯದು. ಅಂತರವು +1. ಇದನ್ನು ವರ್ತಮಾನ ಗಣನೆಯೆಂದು ಸಮಾಧಾನ ಮಾಡಿಕೊಳ್ಳಲಾಗದು. ಏಕೆಂದರೆ 1430ನ್ನು ವರ್ತಮಾನವೆಂದು ಹಿಡಿದರೆ ಸಂವತ್ಸರವು ಪ್ರಭವವಾಗಿ ಶುಕ್ಲದಿಂದ ಇನ್ನೂ ಒಂದು ವರ್ಷ ದೂರ ಸರಿಯುವುದು. ಶಕಸಂಖ್ಯೆಯನ್ನು ನಂಬಿದರೆ ದಿನವು 1509ನೆಯ ಫೆಬ್ರವರಿ 4 ಆಗುತ್ತದೆ. ಸಂವತ್ಸರವನ್ನು ನಂಬಿದರೆ 1510ನೆಯ ಜನವರಿ 23 ಅಥವಾ 24 ಆಗುತ್ತದೆ. ವಾರದ ಸಹಾಯವೂ ಇಲ್ಲ. ವಿದ್ವಾಂಸರು ಈ ಎರಡು ವರ್ಷಗಳ ನಡುವೆ ಚರ್ಚೆ ನಡೆಸುತ್ತಿರುವುದು ಇದೇ ಕಾರಣದಿಂದ. ಇಲ್ಲಿ ತಪ್ಪು ಓದಿದವರದಲ್ಲ. ಕಲ್ಲಿನಲ್ಲಿಯೇ ಎರಡು ಹೇಳಿಕೆಗಳು ಕೂಡುವುದಿಲ್ಲ. ಮೌಲ್ಯಮಾಪಕಕ್ಕೆ ಕಾಣುವುದು ವಿರೋಧ ಮಾತ್ರ; ಅದು ಓದಿದವರದೆ, ಕಂಡರಿಸಿದವರದೆ ಎಂಬುದನ್ನು ಅದು ಬಲ್ಲದಲ್ಲ.

ಈ ಮಾತಿನ ಹಿಂದೆ ಒಂದು ಘಟನೆಯುಂಟು. ಮೊದಮೊದಲು ತೀರ್ಪುಗಳನ್ನು ಅಂಕಗಳಾಗಿ ಪರಿವರ್ತಿಸಿ ವಿದ್ಯಾರ್ಥಿಗಳಿಗೆ ತೋರಿಸಲಾಗುತ್ತಿತ್ತು. ಹೊಂದಿಕೆಯಾದರೆ ಪೂರ್ಣ ಅಂಕ, ವಿರೋಧವಾದರೆ ಸೊನ್ನೆ. ಕೆಲವು ತಿಂಗಳುಗಳ ತರುವಾಯ ಒಂದು ತಂಡದ ದಾಖಲೆಗಳಲ್ಲಿ ವಿರೋಧವೇ ಕಾಣದಂತಾಯಿತು. ತಂತ್ರಾಂಶ ಬರೆದವರು ಇದನ್ನು ನೋಡಿ ಸಂತೋಷಪಡದೆ ಸಂಶಯಪಟ್ಟರು. ಅವರ ವಿವೇಕವನ್ನು ಮೆಚ್ಚಬೇಕು. ಹಳೆಯ ಆವೃತ್ತಿಗಳೊಡನೆ ಹೋಲಿಸಿದಾಗ, ವಿರೋಧವೆಂದು ತೀರ್ಪು ಬಂದ ಕಡೆಗಳಲ್ಲಿ `shaka_text` ಕಲಮಿನ ಕೊನೆಯ ಅಂಕಿಯೇ ಬದಲಾಗಿದ್ದುದು ತಿಳಿಯಿತು. ಯಂತ್ರವು ಒಪ್ಪುವಂತೆ ಕಲ್ಲನ್ನೇ ತಿದ್ದಿದಂತಾಗಿತ್ತು. ವಿದ್ಯಾರ್ಥಿಗಳಲ್ಲಿ ಕಪಟವಿರಲಿಲ್ಲ. ತಾವು ಸರಿಯಾಗಿ ಓದಿರಲಿಕ್ಕಿಲ್ಲವೆಂದೇ ಅವರು ನಂಬಿದ್ದರು. ಆದರೆ ಅದರ ಪರಿಣಾಮವೇನು? ಕಂಡರಿಸಿದವನ ತಪ್ಪು, ವರ್ತಮಾನ ಗಣನೆಯ ರೂಢಿ, ಮುಂದಿನ ಕಾಲದಲ್ಲಿ ಸೃಷ್ಟಿಸಿದ ಕೂಟಶಾಸನದ ಕುರುಹು, ಇವು ಮೂರೂ ಕಾಣಿಸಿಕೊಳ್ಳುವುದು ಇಂಥ ವಿರೋಧಗಳಲ್ಲಿಯೇ. ಅವು ಅಳಿಸಿಹೋದರೆ ಮುಂದಿನ ಸಂಶೋಧಕನಿಗೆ ಅವು ಇದ್ದುವೆಂಬುದೇ ತಿಳಿಯದು. ಭಟ್ಕಳದ ಕಲ್ಲೊಂದು ಮಳೆಗಾಳಿಗೆ ಇನ್ನಷ್ಟು ಸವೆದ ಮೇಲೆ ನಮ್ಮ ಬೆರಳಚ್ಚಿನ ಪಾಠವೇ ಮೂಲವೆನಿಸಿಕೊಳ್ಳುವ ದಿನವೂ ಬರಬಹುದು. ಆ ಬಳಿಕ ಅಂಕಪದ್ಧತಿಯನ್ನು ತೆಗೆದುಹಾಕಲಾಯಿತು. `conflict` ಎಂದರೆ ಅನುತ್ತೀರ್ಣವೆಂದಲ್ಲ, ಕಲ್ಲಚ್ಚನ್ನು ಮತ್ತೊಬ್ಬರು ಸ್ವತಂತ್ರವಾಗಿ ನೋಡಬೇಕೆಂದು ಮಾತ್ರ ಎಂಬುದಾಗಿ ಟಿಪ್ಪಣಿಯ ಮೊದಲ ಪುಟದಲ್ಲಿಯೇ ಬರೆದಿದೆ. ವಿರೋಧವೇ ಇಲ್ಲದ ಶಾಸನಸಮೂಹವು ಕಂಡರೆ ಮೊದಲು ತಿದ್ದುಪಡಿಗಳ ಚರಿತ್ರೆಯನ್ನು ತೆಗೆದು ನೋಡತಕ್ಕದ್ದೆಂದೂ ಅಲ್ಲಿಯೇ ಇದೆ.

ಇದಕ್ಕೆ ವಿರುದ್ಧವಾದ ದೋಷವು ಇನ್ನೂ ಅಪಾಯಕರ. ಓದು ತಪ್ಪಾಗಿದ್ದರೂ ಮೌಲ್ಯಮಾಪಕವು ಸರಿಯೆನ್ನುವ ಪ್ರಕರಣಗಳುಂಟು. ಸಂವತ್ಸರಚಕ್ರವು ಅರವತ್ತು ವರ್ಷದ್ದಾದುದರಿಂದ 60ರ ಅಪವರ್ತ್ಯದಷ್ಟು ತಪ್ಪು ಓದಿದರೆ ಮೊದಲನೆಯ ಮಾನದಂಡಕ್ಕೆ ಅದು ಗೋಚರವಾಗುವುದೇ ಇಲ್ಲ. ಹತ್ತರ ಸ್ಥಾನದಲ್ಲಿ 1 ಇದ್ದಲ್ಲಿ 7 ಎಂದು ಓದಿದರೆ ವ್ಯತ್ಯಾಸವು ಸರಿಯಾಗಿ 60. ನೂರರ ಸ್ಥಾನದಲ್ಲಿ ೬ಕ್ಕೂ ೯ಕ್ಕೂ ಪಲ್ಲಟವಾದರೆ ವ್ಯತ್ಯಾಸ 300. ಅದೂ ಐದು ಸಂಪೂರ್ಣ ಚಕ್ರಗಳು. ಕನ್ನಡದ ೬ ಮತ್ತು ೯ ಸವೆದ ಕಲ್ಲಿನ ಮೇಲೆ ಎಷ್ಟು ಹೋಲುತ್ತವೆಂಬುದನ್ನು ಶಾಸನ ಓದಿದವರೆಲ್ಲ ಬಲ್ಲರು. ಅದೇ ಪಲ್ಲಟವು ಬಿಡಿಸ್ಥಾನದಲ್ಲಿ ಆದರೆ 3 ವರ್ಷದ, ಹತ್ತರ ಸ್ಥಾನದಲ್ಲಿ ಆದರೆ 30 ವರ್ಷದ ಅಂತರವಾಗಿ ತಕ್ಷಣ ಸಿಕ್ಕಿಬೀಳುತ್ತದೆ. ಮುನ್ನೂರು ವರ್ಷದ ತಪ್ಪು ಮಾತ್ರ ಸದ್ದಿಲ್ಲದೆ ದಾಟಿಹೋಗುತ್ತದೆ. ದೊಡ್ಡ ತಪ್ಪು ಬೇಗ ಕಾಣುವುದೆಂಬ ನಮ್ಮ ಸಹಜ ನಂಬಿಕೆಯು ಇಲ್ಲಿ ತಲೆಕೆಳಗಾಗಿದೆ.

ಇದನ್ನು ಮೂರನೆಯ ಮಾನದಂಡವು ಹೇಗೆ ಸರಿಪಡಿಸಬಲ್ಲದೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆಯನ್ನು ಕೊಡೋಣ. ಹೊನ್ನಾವರ ತಾಲ್ಲೂಕಿನ ಒಂದು ಶಾಸನದಲ್ಲಿ ರಾಕ್ಷಸ ಸಂವತ್ಸರವೆಂದಿದ್ದು ಶಕಸಂಖ್ಯೆಯನ್ನು ಒಬ್ಬರು 1417 ಎಂದೂ ಇನ್ನೊಬ್ಬರು 1477 ಎಂದೂ ಓದಿದರೆಂದು ಭಾವಿಸೋಣ. 1417ಕ್ಕೆ 11 ಕೂಡಿಸಿದರೆ 1428, ಶೇಷ 48. 1477ಕ್ಕೆ ಕೂಡಿಸಿದರೆ 1488, ಶೇಷ ಅದೇ 48. ಎರಡೂ ನಾಲ್ವತ್ತೊಂಬತ್ತನೆಯ ರಾಕ್ಷಸವೇ. ಎರಡು ಓದುಗಳೂ `agree` ಎಂಬ ತೀರ್ಪನ್ನು ಪಡೆಯುತ್ತವೆ. ಶಾಸನದಲ್ಲಿ ಗೇರಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿದ್ದರೆ ಸಮಸ್ಯೆ ತೀರಿತು. ಆಕೆಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಣಿಸುತ್ತಾರೆ. 1417 ಎಂದರೆ 1495, 1477 ಎಂದರೆ 1555. ಆದುದರಿಂದ ಎರಡನೆಯ ಓದೇ ಸರಿ. ಇಲ್ಲಿ ಒಂದು ಸ್ವಾರಸ್ಯವಿದೆ. ಆಕೆಯ ಆಳ್ವಿಕೆಯು ಬಹು ದೀರ್ಘವಾದುದಾದರೂ ಅರವತ್ತು ವರ್ಷವನ್ನು ಮುಟ್ಟಲಿಲ್ಲ. ಆದುದರಿಂದ ಶಕಸಂಖ್ಯೆಯು ಪೂರ್ತಿ ಅಳಿಸಿಹೋಗಿದ್ದರೂ ರಾಣಿಯ ಹೆಸರೂ ಸಂವತ್ಸರದ ಹೆಸರೂ ಉಳಿದಿದ್ದರೆ ವರ್ಷವು ಒಂದೇ ಆಗುತ್ತದೆ. ಅರಸರ ಹೆಸರಿಲ್ಲದ ವೀರಗಲ್ಲುಗಳಿಗೂ ಮಹಾಸತಿ ಕಲ್ಲುಗಳಿಗೂ ಈ ಭಾಗ್ಯವಿಲ್ಲ. ಅವುಗಳಿಗೆ `undetermined` ಎಂಬ ತೀರ್ಪೇ ಯೋಗ್ಯ. ಲಿಪಿಯನ್ನು ನೋಡಿ ಶತಮಾನವನ್ನು ಹೇಳುವ ಕೆಲಸವನ್ನು ಮೌಲ್ಯಮಾಪಕಕ್ಕೆ ಒಪ್ಪಿಸಿಲ್ಲ.

ಸಂವತ್ಸರದ ಹೆಸರೂ ಮೋಸ ಮಾಡಬಲ್ಲದು. ಕಂಡರಿಸುವವರ ಕಾಗುಣಿತವು ನಾನಾ ಬಗೆಯಾಗಿರುವುದರಿಂದ, ಬೆರಳಚ್ಚಿಸಿದ ಹೆಸರಿಗೆ ಪಟ್ಟಿಯಲ್ಲಿ ಅತಿ ಸಮೀಪದ ಹೆಸರನ್ನು ಹುಡುಕುವ ವ್ಯವಸ್ಥೆಯನ್ನು ತಂತ್ರಾಂಶದಲ್ಲಿ ಮಾಡಲಾಗಿತ್ತು. ‘ಸಾದಾರಣ’ ಎಂದಿದ್ದರೆ ‘ಸಾಧಾರಣ’ ಎಂದು ಹಿಡಿಯಲು ಅದು ಅನುಕೂಲ. ಆದರೆ ಪಟ್ಟಿಯಲ್ಲಿ ಹದಿಮೂರನೆಯದು ಪ್ರಮಾಥಿ, ನಾಲ್ವತ್ತೇಳನೆಯದು ಪ್ರಮಾದೀಚ. ಎರಡನೆಯದನ್ನು ಶಾಸನಗಳಲ್ಲಿ ‘ಪ್ರಮಾದಿ’ ಎಂದು ಮೊಟಕುಮಾಡಿ ಬರೆಯುವುದುಂಟು. ಆಗ ಅಕ್ಷರಗಳನ್ನು ಮಾತ್ರ ಎಣಿಸುವ ಯಂತ್ರಕ್ಕೆ ಪ್ರಮಾಥಿಯೇ ಸಮೀಪವಾಗಿ ತೋರುತ್ತದೆ. ಚೆನ್ನಭೈರಾದೇವಿಯ ಕಾಲದ್ದಾಗಿ ಶಕಸಂಖ್ಯೆಯಿಲ್ಲದ ಶಾಸನವಾದರೆ, ಪ್ರಮಾದಿಯು ಶಕ 1475, ಎಂದರೆ 1553. ಪ್ರಮಾಥಿಯು ಶಕ 1501, ಎಂದರೆ 1579. ಒಂದು ಅಕ್ಷರದಿಂದ ಇಪ್ಪತ್ತಾರು ವರ್ಷಗಳು ಹೋದುವು. ಹೊನ್ನಾವರದ ಕೋಟೆಯು ಪೋರ್ತುಗೀಸರ ಕೈಸೇರಿದ 1569ರ ಹಿಂದಿನ ಸಂಗತಿಯು ಮುಂದಿನದಾಯಿತು. ವಿರೋಧಿ ಮತ್ತು ವಿರೋಧಿಕೃತ್, ಕ್ರೋಧಿ ಮತ್ತು ಕ್ರೋಧನ ಇವೂ ಇದೇ ಜಾತಿಯ ಜೋಡಿಗಳು. ಈ ಹೆಸರುಗಳಿಗೆ ಸಮೀಪಶೋಧವನ್ನು ನಿಲ್ಲಿಸಿ ಕೈಯಿಂದಲೇ ಗುರುತಿಸಬೇಕೆಂದು ಟಿಪ್ಪಣಿಯು ವಿಧಿಸುತ್ತದೆ. ಹೆಸರಿನ ಬಳಿಯೇ ಶಕಸಂಖ್ಯೆ ಇದ್ದಾಗ ಈ ತಪ್ಪು 26 ವರ್ಷದ ಅಂತರವಾಗಿ ತಾನೇ ಹೊರಬೀಳುತ್ತದೆ. ಇಲ್ಲದಿದ್ದಾಗ ಅದನ್ನು ಹಿಡಿಯಲು ಮನುಷ್ಯನ ಕಣ್ಣೇ ಬೇಕು.

ಸಂಕ್ಷೇಪಾಕ್ಷರಗಳ ತೊಡಕು ಚಿಕ್ಕದಾದರೂ ಹೇಳಬೇಕಾದುದು. ‘ಶು’ ಎಂದರೆ ತಿಥಿಯ ಹಿಂದೆ ಶುದ್ಧ, ತಿಥಿಯ ಮುಂದೆ ಶುಕ್ರವಾರ. ‘ಮಂ’ ಎಂದರೆ ಮಂಗಳವಾರವೂ ಆಗಬಹುದು, ಶನಿವಾರಕ್ಕೆ ಹೆಸರಾದ ಮಂದವಾರವೂ ಆಗಬಹುದು. ಎರಡನ್ನೂ ಪರೀಕ್ಷಿಸಿ ಯಾವುದು ಕೂಡುವುದೋ ಅದನ್ನು ಆರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದರೆ ಆಕಸ್ಮಿಕವಾಗಿ ಉತ್ತೀರ್ಣವಾಗುವ ಪಾಲು ಇಮ್ಮಡಿಯಾಗುವುದೆಂಬುದನ್ನು ಮರೆಯಲಾಗದು.

ಬೆರಳಚ್ಚಿನಿಂದ ಬರುವ ದೋಷವೊಂದನ್ನು ಕಣ್ಣಿನಿಂದ ಕಾಣುವುದು ಬಹು ಕಷ್ಟ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಆಕಾರದಲ್ಲಿ ಭೇದವಿಲ್ಲವೆನ್ನಬಹುದು. ಗಣಕದ ಸಂಕೇತಪಟ್ಟಿಯಲ್ಲಿ ಮಾತ್ರ ಸೊನ್ನೆಯು `U+0CE6`, ಅನುಸ್ವಾರವು `U+0C82`. ಕೀಲಿಮಣೆಯಲ್ಲಿ ಅನುಸ್ವಾರವು ಕೈಗೆ ಸುಲಭವಾಗಿ ಸಿಕ್ಕುವುದರಿಂದ ವಿದ್ಯಾರ್ಥಿಗಳು ಸೊನ್ನೆಯ ಬದಲು ಅದನ್ನೇ ಒತ್ತುತ್ತಾರೆ. ಪೈಥಾನ್ ಭಾಷೆಯು ಕನ್ನಡದ ಅಂಕಿಗಳನ್ನು ನೇರವಾಗಿ ಸಂಖ್ಯೆಯೆಂದು ಗ್ರಹಿಸಬಲ್ಲದು:

```python
int("೧೪೩೦")   # 1430
int("೧೪೩ಂ")   # ValueError
```

ತಂತ್ರಾಂಶವು ಇಲ್ಲಿ ನಿಂತುಹೋದರೆ ಕೇಡಿಲ್ಲ; ತಪ್ಪು ಗೊತ್ತಾಗುತ್ತದೆ. ಆದರೆ ಹಿಂದಿನ ಆವೃತ್ತಿಯೊಂದು ಹೀಗೆ ನಿಲ್ಲದಿರಲೆಂದು ಅಂಕಿಯಲ್ಲದ ಚಿಹ್ನೆಗಳನ್ನು ಬಿಟ್ಟು ಉಳಿದುದನ್ನು ಓದುತ್ತಿತ್ತು. ಅದರ ದೆಸೆಯಿಂದ 1430 ಎಂಬುದು 143 ಆಗಿ, ಆ ದಾಖಲೆಯು ಕದಂಬರಿಗಿಂತಲೂ ಹಿಂದಿನ ಕಾಲಕ್ಕೆ ಸೇರಿಹೋಗುತ್ತಿತ್ತು. ಅಂಥವನ್ನು ಹುಡುಕಲು ಟಿಪ್ಪಣಿಯಲ್ಲಿ ಹೇಳಿರುವ ಉಪಾಯ ಸುಲಭವಾದುದು: `shaka_num` ನಾಲ್ಕಂಕಿಗಿಂತ ಕಡಿಮೆಯಿರುವ ದಾಖಲೆಗಳನ್ನೆಲ್ಲ ಬೇರೆ ತೆಗೆದು ಮೂಲದೊಡನೆ ಹೋಲಿಸುವುದು. ಶಕ ಸಾವಿರಕ್ಕೆ ಹಿಂದಿನ ನಿಜವಾದ ಶಾಸನಗಳೂ ಅದರಲ್ಲಿ ಬರುವುವಾದರೂ ಅವನ್ನು ಕೈಯಿಂದ ನೋಡುವುದು ಅಸಾಧ್ಯವೇನಲ್ಲ.

ಸ್ಥಳನಾಮಗಳ ಪಟ್ಟಿಯನ್ನೂ ಟಿಪ್ಪಣಿಯೊಡನೆ ಒಪ್ಪಿಸಲಾಗಿದೆ. ಗೇರಸೊಪ್ಪೆಯು ಶಾಸನಗಳಲ್ಲಿ ನಗಿರೆಯೆಂದೂ ಕ್ಷೇಮಪುರವೆಂದೂ ಬರುತ್ತದೆ. ಭಟ್ಕಳದ ಬಳಿಯ ಹಾಡುವಳ್ಳಿಯು ಸಂಗೀತಪುರವೆಂದು ಬರುತ್ತದೆ. ಪೋರ್ತುಗೀಸರ ಕಾಗದಪತ್ರಗಳಲ್ಲಿ ಹೊನ್ನಾವರವು ಓನೋರ್ ಆಗಿದೆ. ಕುಮಟಾ ತಾಲ್ಲೂಕಿನ ಮಿರ್ಜಾನಿನ ಹೆಸರಿಗೂ ಇಂಥ ರೂಪಾಂತರಗಳುಂಟು. ನಗಿರೆಯೆಂಬುದು ಊರೂ ಹೌದು, ರಾಜ್ಯವೂ ಹೌದು. ಯಾವ ಅರ್ಥದಲ್ಲಿ ಬಂದಿದೆಯೆಂಬುದನ್ನು ಯಂತ್ರವು ನಿರ್ಣಯಿಸಲಾರದು. ಪೋರ್ತುಗೀಸ್ ದಾಖಲೆಗಳೊಡನೆ ಶಾಸನದ ದಿನವನ್ನು ಹೋಲಿಸುವವರು ಇನ್ನೊಂದನ್ನು ಗಮನಿಸತಕ್ಕದ್ದು. ಗೋವೆಯಲ್ಲಿ 1583ರಿಂದ ಗ್ರಿಗೋರಿಯನ್ ಪಂಚಾಂಗವು ಬಳಕೆಗೆ ಬಂದಿತು. ಮೌಲ್ಯಮಾಪಕವು ಇಂಗ್ಲಿಷ್ ರೂಢಿಯನ್ನನುಸರಿಸಿ 1752ರವರೆಗೂ ಜೂಲಿಯನ್ ದಿನಾಂಕವನ್ನೇ ಕೊಡುತ್ತದೆ. ಚೆನ್ನಭೈರಾದೇವಿಯ ಕೊನೆಯ ವರ್ಷಗಳಲ್ಲಿ ಇವೆರಡರ ನಡುವೆ ಹತ್ತು ದಿನಗಳ ವ್ಯತ್ಯಾಸವಿರುತ್ತದೆ. ಒಂದೇ ಘಟನೆಯನ್ನು ಹತ್ತು ದಿನಗಳ ಅಂತರದಲ್ಲಿ ನಡೆದ ಎರಡು ಘಟನೆಗಳೆಂದು ತಿಳಿಯುವ ಸಂಭವವುಂಟು.

ಟಿಪ್ಪಣಿಯ ಕೊನೆಯ ಪುಟವು ಹೊಸದಾಗಿ ಬರುವವರು ಮೊದಲ ದಿನ ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ಯಾವ ಸಾಲನ್ನೂ ಮುಟ್ಟುವ ಮೊದಲು ಈ ಆಜ್ಞೆಯನ್ನು ಕೊಟ್ಟು ನೋಡಬೇಕು:

```
python evaluate.py --cases known_failures.json
```

ಇದರಲ್ಲಿ ತಾಳಿಕೋಟೆಯದು `agree` ಎಂದೂ, ಶಕ 1429ರ ಅಕ್ಷಯವು `current` ಎಂದೂ, ಹಂಪೆಯದು `conflict` ಎಂದೂ ಬರಬೇಕು. ಶಕ 1417 ಮತ್ತು 1477ರ ರಾಕ್ಷಸಗಳೆರಡೂ `agree` ಎಂದೇ ಬರಬೇಕು. ಕೊನೆಯ ಜೋಡಿಯಲ್ಲಿ ಒಂದು ತಪ್ಪೆಂದು ಗೊತ್ತಿದ್ದರೂ ಎರಡೂ ಒಪ್ಪಿತವಾಗಬೇಕೆಂದು ಬರೆದಿರುವುದು ವಿಚಿತ್ರವಾಗಿ ತೋರಬಹುದು. ಮೌಲ್ಯಮಾಪಕಕ್ಕೆ ಏನು ತಿಳಿಯದೆಂಬುದನ್ನು ದಾಖಲಿಸುವ ಪ್ರಕರಣವದು. ಮುಂದೆ ಯಾರೋ ತಿದ್ದಿದ ಮೇಲೆ ಆ ಜೋಡಿಯಲ್ಲಿ ಒಂದು ಮಾತ್ರ ಒಪ್ಪಿತವಾದರೆ, ತಂತ್ರಾಂಶವು ಸಂವತ್ಸರವಲ್ಲದೆ ಬೇರಾವುದೋ ಆಧಾರದಿಂದ ತೀರ್ಮಾನಿಸುತ್ತಿದೆಯೆಂದು ತಿಳಿದು ಆ ಆಧಾರ ಯಾವುದೆಂದು ಹುಡುಕಬೇಕು. ವಾರದ ಸಡಿಲವನ್ನು ಒಂದು ದಿನಕ್ಕೆ ಇಡಬೇಕೆ, ತೆಗೆಯಬೇಕೆ ಎಂಬ ಪ್ರಶ್ನೆಯನ್ನು ಮಾತ್ರ ಬರೆದವರು ಇತ್ಯರ್ಥಪಡಿಸದೆ ಬಿಟ್ಟಿದ್ದಾರೆ. ಸದ್ಯಕ್ಕೆ ಎರಡು ತೀರ್ಪುಗಳನ್ನೂ ಬೇರೆಬೇರೆ ಕಲಮುಗಳಲ್ಲಿ ಬರೆಯಲಾಗುತ್ತಿದೆ.